ಕಡಲಾಚೆಯ ಕಂಪನಿಯ ಕಡತದಲ್ಲಿ ಸಿಗುವುದೇನು, ಸಿಗದಿರುವುದೇನು

(ಕಾಸರಗೋಡಿನ ಗ್ರಂಥಾಲಯವೊಂದರ ಸಭಾಂಗಣದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಸಭೆಯಲ್ಲಿರುವ ಎಲ್ಲರಿಗೂ ನಮಸ್ಕಾರ.

ನಾನು ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ಬಹುಕಾಲ ದುಡಿದು ನಿವೃತ್ತನಾದವನು. ಈಗ ಬದಿಯಡ್ಕದ ಹತ್ತಿರ ತೋಟದ ಮನೆಯಲ್ಲಿದ್ದೇನೆ. ಕಳೆದ ವರ್ಷ ಮಳೆಗಾಲದ ಒಂದು ಸಂಜೆ, ಅಬುಧಾಬಿಯಿಂದ ರಜೆಯಲ್ಲಿ ಬಂದಿದ್ದ ನೆರೆಮನೆಯ ಹುಡುಗ ಪ್ಲಾಸ್ಟಿಕ್ ಕವರಿನಲ್ಲಿ ಮೂರು ಕಾಗದಗಳನ್ನು ತಂದು ನನ್ನ ಜಗಲಿಯ ಮೇಲೆ ಹರಡಿದ. "ಅಣ್ಣಾ, ಇದೊಂದು ನೋಡಿ ಹೇಳಿ. ನಾಡಿದ್ದು ಹಣ ಕಳುಹಿಸಬೇಕು" ಎಂದ. ಇವತ್ತಿನ ನನ್ನ ಮಾತೆಲ್ಲ ಆ ಮೂರು ಕಾಗದಗಳ ಕುರಿತೇ. ಅವನ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಅವನ ಹೆಸರನ್ನಾಗಲಿ ಕಂಪನಿಯ ಹೆಸರನ್ನಾಗಲಿ ಹೇಳುವುದಿಲ್ಲ.

ಅವನಿಗೆ ಬಂದಿದ್ದ ಆಹ್ವಾನ ಹೀಗಿತ್ತು. ಉತ್ತರ ಇಂಗ್ಲೆಂಡಿನ ಒಂದು ನಗರದಲ್ಲಿ ವಿದ್ಯಾರ್ಥಿಗಳ ವಸತಿ ಕಟ್ಟಡವಿದೆ, ಅದರ ಒಡೆತನ ಬ್ರಿಟಿಷ್ ವರ್ಜಿನ್ ಐಲೆಂಡ್ಸ್‌ನಲ್ಲಿ, ಚುಟುಕಾಗಿ ಬಿವಿಐಯಲ್ಲಿ, ನೋಂದಣಿಯಾದ ಕಂಪನಿಯದು. 80,000 ದಿರ್ಹಮ್ ಕೊಟ್ಟರೆ ಆ ಕಂಪನಿಯ ಆದ್ಯತಾ ಷೇರು, ಅಂದರೆ ಪ್ರಿಫರೆನ್ಸ್ ಷೇರು, ಅವನಿಗೆ ಸಿಗುತ್ತದೆ. ವರ್ಷಕ್ಕೆ ನೂರಕ್ಕೆ 12ರಂತೆ ಲಾಭಾಂಶ ಬರುತ್ತದೆ. 8,000 ದಿರ್ಹಮ್ ಮುಂಗಡವನ್ನು ಅವನು ಆಗಲೇ ಕೊಟ್ಟಾಗಿತ್ತು. ಕಾಗದಗಳಲ್ಲಿ ಒಂದು ಕಂಪನಿಯ ಸ್ಥಾಪನಾ ಪ್ರಮಾಣಪತ್ರ. ಇನ್ನೊಂದು ಇನ್‌ಕಂಬೆನ್ಸಿ ಸರ್ಟಿಫಿಕೇಟ್. ಮೂರನೆಯದು ಅವನ ಹೆಸರು ಬರೆದಿದ್ದ ಷೇರು ಪತ್ರದ ಕರಡು. ಜೊತೆಗೆ ಮೊಬೈಲಿನಲ್ಲಿ ಬಣ್ಣಬಣ್ಣದ ಒಂದು ಮಾಹಿತಿ ಪುಸ್ತಿಕೆ.

ನಮ್ಮ ಊರಿನಲ್ಲಿ ಹತ್ತು ಸೆಂಟ್ ಜಾಗ ಕೊಳ್ಳುವವರೂ ಆಧಾರ, ಹಿಂದಿನ ಆಧಾರ, ಭೂತೆರಿಗೆ ರಸೀದಿ ಎಲ್ಲ ಕೇಳುತ್ತಾರೆ. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಇ.ಸಿ. ತೆಗೆಸದೆ ಮಾತು ಮುಂದುವರಿಸುವುದಿಲ್ಲ. ಯಾವ ಕಾಗದ ಯಾವ ಕಚೇರಿಯಲ್ಲಿ ಸಿಗುತ್ತದೆ, ಅದರಲ್ಲಿ ಏನಿರುತ್ತದೆ, ಏನಿರುವುದಿಲ್ಲ ಎಂಬುದು ನಮಗೆ ಗೊತ್ತು. ಗ್ರಾಮ ಕಚೇರಿಯ ತೆರಿಗೆ ರಸೀದಿಯಲ್ಲಿ ಬ್ಯಾಂಕ್ ಸಾಲದ ವಿವರವಿಲ್ಲವೆಂದು ಯಾರೂ ಗಾಬರಿಯಾಗುವುದಿಲ್ಲ, ಅದು ಅಲ್ಲಿರುವ ವಿಷಯವೇ ಅಲ್ಲ. ಆದರೆ ಇ.ಸಿ.ಯಲ್ಲಿ ಬರಬೇಕಾದ ಒಂದು ವ್ಯವಹಾರ ಕಾಣದಿದ್ದರೆ ಎದ್ದು ಕೂರುತ್ತೇವೆ. ಕಡಲಾಚೆಯ ಕಂಪನಿಯ ವಿಷಯದಲ್ಲಿ ನಮಗಿಲ್ಲದಿರುವುದು ಈ ತಿಳಿವಳಿಕೆಯೇ. ಅದರಿಂದ ಎರಡು ಬಗೆಯ ತಪ್ಪು ಆಗುತ್ತದೆ. ಮಾಲೀಕನ ಹೆಸರು ಸಿಗಲಿಲ್ಲವೆಂದು ಕೆಲವರು ಪ್ರತಿಯೊಂದನ್ನೂ ಮೋಸ ಎನ್ನುತ್ತಾರೆ. ಚಿನ್ನದ ಮುದ್ರೆಯ ಪ್ರಮಾಣಪತ್ರ ಕಂಡೊಡನೆ ಇನ್ನು ಕೆಲವರು ಎಲ್ಲವನ್ನೂ ನಂಬುತ್ತಾರೆ. ನನ್ನ ನೆರೆಯ ಹುಡುಗ ಎರಡನೆಯ ಗುಂಪಿನವನು, ಅವನ ಅಪ್ಪ ಮೊದಲನೆಯ ಗುಂಪಿನವರು.

ಮೊದಲು ಮಾಡಿದ್ದು ಹೆಸರು ಮತ್ತು ಸಂಖ್ಯೆಯನ್ನು ಸರಿಯಾಗಿ ಬರೆದುಕೊಳ್ಳುವ ಕೆಲಸ. 'ಆಫ್‌ಶೋರ್ ಕಂಪನಿ' ಎಂದರೆ ವಿಳಾಸವಲ್ಲ; ಯಾವ ದೇಶ, ಯಾವ ನೋಂದಣಿ ಕಚೇರಿ ಎಂಬುದು ಗೊತ್ತಾಗಬೇಕು. ಒಂದೇ ಹೆಸರಿನ ಕಂಪನಿ ಬಿವಿಐಯಲ್ಲೂ ಇರಬಹುದು, ಸೇಶೆಲ್ಸ್‌ನಲ್ಲೂ ಇರಬಹುದು, ಇಂಗ್ಲೆಂಡಿನಲ್ಲೂ ಇರಬಹುದು. ಅವು ಮೂರೂ ಬೇರೆ ಬೇರೆ ಕಂಪನಿಗಳು. ಕಂಪನಿಯ ಹೆಸರು ಬದಲಾಗಬಹುದು, ಬದಲಾಗದಿರುವುದು ನೋಂದಣಿ ಸಂಖ್ಯೆ. ನಮ್ಮ ಪುಸ್ತಿಕೆಯಲ್ಲಿ ಕಂಪನಿಯ ಹೆಸರು ಒಂದು ಅಕ್ಷರ ಹೆಚ್ಚಾಗಿತ್ತು: ಪ್ರಮಾಣಪತ್ರದಲ್ಲಿ 'ಹೋಲ್ಡಿಂಗ್', ಪುಸ್ತಿಕೆಯಲ್ಲಿ 'ಹೋಲ್ಡಿಂಗ್ಸ್'. ಇದು ಬರಿಯ ಅಚ್ಚಿನ ದೋಷವಿರಬಹುದು. ಆದರೆ ಮುಂದೆ ಪ್ರತಿಯೊಂದು ಕಡೆಯೂ ಎರಡೂ ರೂಪಗಳಲ್ಲಿ ಹುಡುಕಬೇಕಾಯಿತು.

ಬಿವಿಐ ಕೆರಿಬಿಯನ್ ಸಮುದ್ರದ ಪುಟ್ಟ ದ್ವೀಪಸಮೂಹ, ಬ್ರಿಟನ್ನಿನ ಅಧೀನದಲ್ಲಿರುವ ಪ್ರದೇಶ. ಜನಸಂಖ್ಯೆ 50,000ವನ್ನೂ ಮುಟ್ಟುವುದಿಲ್ಲ, ಅಲ್ಲಿ ನೋಂದಣಿಯಾಗಿರುವ ಕಂಪನಿಗಳು ಮಾತ್ರ ಲಕ್ಷಗಟ್ಟಲೆ. ಟೊರ್ಟೋಲ ದ್ವೀಪದ ರೋಡ್ ಟೌನ್ ಎಂಬ ಊರಿನಲ್ಲಿ ಅಲ್ಲಿಯ ಹಣಕಾಸು ಸೇವಾ ಆಯೋಗವಿದೆ. ಕಂಪನಿಗಳ ನೋಂದಣಿ ಕಚೇರಿ ಅದರ ಭಾಗ. ಕಾಯ್ದೆ 2004ರದ್ದು. ನಮ್ಮ ಕಂಪನಿಯ ವಿಳಾಸ ರೋಡ್ ಟೌನ್‌ನ ಒಂದು ಅಂಚೆ ಪೆಟ್ಟಿಗೆ. ಅದೇ ವಿಳಾಸದಲ್ಲಿ ಸಾವಿರಾರು ಕಂಪನಿಗಳಿವೆಯೆಂದು ಹುಡುಗನ ಅಪ್ಪ ಎಲ್ಲೋ ಓದಿ ತಂದಿದ್ದರು. ಅದು ನಿಜ, ಆದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಅಲ್ಲಿಯ ಕಾನೂನಿನಂತೆ ಪ್ರತಿ ಕಂಪನಿಗೂ ಆಯೋಗದ ಪರವಾನಗಿ ಪಡೆದ ಒಬ್ಬ ನೋಂದಾಯಿತ ಏಜೆಂಟ್ ಇರಬೇಕು, ಕಂಪನಿಯ ವಿಳಾಸವೆಂದರೆ ಸಾಮಾನ್ಯವಾಗಿ ಆ ಏಜೆಂಟನ ಕಚೇರಿಯ ವಿಳಾಸ. ಒಳ್ಳೆಯ ಕಂಪನಿಗೂ ಕೆಟ್ಟ ಕಂಪನಿಗೂ ಅದೇ ಪೆಟ್ಟಿಗೆ.

ಈಗ ಕಡತದ ವಿಷಯಕ್ಕೆ ಬರುತ್ತೇನೆ. ಬಿವಿಐ ನೋಂದಣಿ ಕಚೇರಿಯ ಕಡತ ಸಾರ್ವಜನಿಕವೇ, ಆದರೆ ಬಿಟ್ಟಿಯಲ್ಲ. ಅಲ್ಲಿಯ ಆನ್‌ಲೈನ್ ವ್ಯವಸ್ಥೆಯ ಹೆಸರು VIRRGIN. ಅದರ ನೋಂದಾಯಿತ ಬಳಕೆದಾರರು ಶುಲ್ಕ ಕಟ್ಟಿ ಹುಡುಕುತ್ತಾರೆ. ನಮ್ಮಂಥವರು ಅಲ್ಲಿಯ ವಕೀಲರ ಕಚೇರಿಯ ಮೂಲಕವೋ ಕಂಪನಿ ಶೋಧನೆಯ ಸೇವೆ ನಡೆಸುವವರ ಮೂಲಕವೋ ತರಿಸಿಕೊಳ್ಳಬಹುದು. ನಾನು ಹಳೆಯ ಪರಿಚಯದ ಒಬ್ಬ ವಕೀಲರ ಮೂಲಕ ತರಿಸಿದೆ. ಬಂದದ್ದು ಇಷ್ಟು: ಕಂಪನಿಯ ಈಗಿನ ಹೆಸರು, ಹಿಂದಿನ ಹೆಸರು, ಸಂಖ್ಯೆ, ಸ್ಥಾಪನೆಯಾದ ದಿನಾಂಕ, ಈಗಿನ ಸ್ಥಿತಿ, ಏಜೆಂಟನ ಹೆಸರು ವಿಳಾಸ, ಸಲ್ಲಿಕೆಯಾದ ಮೆಮೊರಾಂಡಮ್ ಮತ್ತು ನಿಯಮಾವಳಿ, ಮತ್ತು ನಿರ್ದೇಶಕರ ಹೆಸರುಗಳು. ನಿರ್ದೇಶಕರ ಹೆಸರು ಸಿಗುವುದು ಹೊಸ ಏರ್ಪಾಡು, 2023ರ ಜನವರಿ 1ರಿಂದ ಬಂದದ್ದು. ಅದೂ ಈಗಿನ ನಿರ್ದೇಶಕರ ಹೆಸರು ಮಾತ್ರ. ಹುಟ್ಟಿದ ದಿನಾಂಕವಿಲ್ಲ, ವಿಳಾಸವಿಲ್ಲ, ಹಿಂದೆ ಇದ್ದು ಬಿಟ್ಟವರ ಪಟ್ಟಿಯಿಲ್ಲ. ಕಂಪನಿಯ ಮೂಲಕ ಹೆಸರನ್ನು ಹುಡುಕಬಹುದೇ ಹೊರತು, ಒಬ್ಬನ ಹೆಸರು ಕೊಟ್ಟು ಅವನು ಯಾವ ಯಾವ ಕಂಪನಿಗಳಲ್ಲಿದ್ದಾನೆ ಎಂದು ಕೇಳುವಂತಿಲ್ಲ.

ಸಿಗದಿರುವುದನ್ನೂ ಹೇಳಿಬಿಡುತ್ತೇನೆ. ಷೇರುದಾರರ ಪಟ್ಟಿ ಸಾರ್ವಜನಿಕರಿಗೆ ತೆರೆದಿಲ್ಲ. 2025ರ ಜನವರಿಯಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಆ ಪಟ್ಟಿಯನ್ನೂ ನಿಜ ಮಾಲೀಕರ ವಿವರವನ್ನೂ ನೋಂದಣಿ ಕಚೇರಿಗೆ ಸಲ್ಲಿಸಬೇಕು, ಆದರೆ ಸಲ್ಲಿಸುವುದು ಬೇರೆ, ಯಾರು ಬೇಕಾದರೂ ನೋಡುವಂತೆ ತೆರೆದಿಡುವುದು ಬೇರೆ. ಲೆಕ್ಕಪತ್ರವಂತೂ ಸಿಗುವುದೇ ಇಲ್ಲ. ವಾರ್ಷಿಕ ಹಣಕಾಸು ವರದಿಯನ್ನು ಕಂಪನಿ ತನ್ನ ಏಜೆಂಟನಿಗೆ ಕೊಡಬೇಕು, ಅದು ಏಜೆಂಟನಲ್ಲೇ ಉಳಿಯುತ್ತದೆ. ಹಾಗಾಗಿ ಬಿವಿಐ ಕಂಪನಿಯ ಲೆಕ್ಕಪತ್ರ ಅಂತರ್ಜಾಲದಲ್ಲಿ ಕಾಣಲಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಅನುಮಾನಿಸಬೇಡಿ. ಬದಲಾಗಿ ಯಾರಾದರೂ "ನಮ್ಮ ಲೆಕ್ಕಪತ್ರ ಬಿವಿಐ ಸರ್ಕಾರದಲ್ಲಿ ಸಾರ್ವಜನಿಕವಾಗಿದೆ, ಹೋಗಿ ನೋಡಿ" ಎಂದರೆ ಅಲ್ಲಿಯೇ ನಿಲ್ಲಿಸಿ.

ಎಲ್ಲ ಕಡೆಯೂ ಹೀಗೆಯೇ ಎಂದು ತಿಳಿಯಬಾರದು. ಕೇಮನ್ ದ್ವೀಪಗಳಲ್ಲಿ ಶುಲ್ಕ ಕೊಟ್ಟರೆ ಈಗಿನ ನಿರ್ದೇಶಕರ ಹೆಸರು ಸಿಗುತ್ತದೆ. ಪನಾಮದ ಸಾರ್ವಜನಿಕ ನೋಂದಣಿಯಲ್ಲಿ ನಿರ್ದೇಶಕರ ಹೆಸರು ಬಹಳ ಕಾಲದಿಂದ ತೆರೆದೇ ಇದೆ, ಷೇರುದಾರರದ್ದಿಲ್ಲ. ಜನರು ಒಂದೇ ಸಾಲಿನಲ್ಲಿ ಸೇರಿಸಿ ಮಾತಾಡುವ ಮಾಲ್ಟಾ, ಸೈಪ್ರಸ್‌ಗಳಲ್ಲಿ ಷೇರುದಾರರ ಹೆಸರೂ ಲೆಕ್ಕಪತ್ರವೂ ಸಿಗುತ್ತವೆ. ಆದ್ದರಿಂದ ಸೈಪ್ರಸ್ ಕಂಪನಿಯವನು "ನಮ್ಮಲ್ಲಿ ಷೇರುದಾರರ ಹೆಸರು ಗೋಪ್ಯ" ಎಂದರೆ ಅದು ಸುಳ್ಳು, ಬಿವಿಐಯವನು ಅದೇ ಮಾತು ಹೇಳಿದರೆ ಅದು ನಿಜ.

ನಮ್ಮ ಕಂಪನಿಯ ಸ್ಥಿತಿ 'ಆ್ಯಕ್ಟಿವ್' ಎಂದಿತ್ತು. ಹುಡುಗನ ಮುಖ ಅರಳಿತು. ಆದರೆ ಆ ಪದದ ತೂಕವೆಷ್ಟು ನೋಡಿ. ಬಿವಿಐ ಕಂಪನಿ ವರ್ಷಕ್ಕೊಮ್ಮೆ ಸರ್ಕಾರಕ್ಕೆ ಶುಲ್ಕ ಕಟ್ಟಬೇಕು. ಜನವರಿಯಿಂದ ಜೂನ್ ನಡುವೆ ಹುಟ್ಟಿದ ಕಂಪನಿಗಳಿಗೆ ಮೇ 31 ಗಡುವು, ಉಳಿದವಕ್ಕೆ ನವೆಂಬರ್ 30. ಕಟ್ಟದೆ ಬಿಟ್ಟರೆ ದಂಡ, ಆಮೇಲೆ ಪಟ್ಟಿಯಿಂದ ಹೆಸರು ಕಿತ್ತುಹಾಕುತ್ತಾರೆ. 2023ರಿಂದ ಈಚೆಗೆ ಹೆಸರು ಕಿತ್ತೊಡನೆ ಕಂಪನಿಯೇ ವಿಸರ್ಜನೆಯಾದಂತೆ. ಕಂಪನಿ ಜೀವಂತವಾಗಿದೆ ಎಂದಷ್ಟೇ 'ಆ್ಯಕ್ಟಿವ್' ಪದದ ಅರ್ಥ. ಅದರ ಬಳಿ ಕಟ್ಟಡವಿದೆಯೆಂದಾಗಲಿ ಬ್ಯಾಂಕಿನಲ್ಲಿ ಒಂದು ಡಾಲರ್ ಇದೆಯೆಂದಾಗಲಿ ಅದು ಹೇಳುವುದಿಲ್ಲ.

ಪುಸ್ತಿಕೆಯಲ್ಲಿ ಇನ್ನೊಂದು ವಾಕ್ಯವಿತ್ತು: ಬಿವಿಐ ಹಣಕಾಸು ಸೇವಾ ಆಯೋಗದಿಂದ ಪರವಾನಗಿ ಪಡೆದ ಸಂಸ್ಥೆ ಎಂದು. ಇದನ್ನು ಪರೀಕ್ಷಿಸಲು ಒಂದು ಪೈಸೆಯೂ ಬೇಡ. ಆಯೋಗದ ಜಾಲತಾಣ bvifsc.vg ಇದರಲ್ಲಿ ಪರವಾನಗಿ ಪಡೆದವರ ಪಟ್ಟಿ ಇದೆ, ಯಾರು ಬೇಕಾದರೂ ಹುಡುಕಬಹುದು. ಹೆಸರಿನ ಎರಡೂ ರೂಪಗಳಲ್ಲಿ ಹುಡುಕಿದೆವು. ಇರಲಿಲ್ಲ. ಇಲ್ಲಿ ನ್ಯಾಯವಾಗಿ ಮಾತಾಡಬೇಕು: ಬಿವಿಐಯ ಹೆಚ್ಚಿನ ಕಂಪನಿಗಳಿಗೆ ಪರವಾನಗಿಯೇ ಬೇಕಾಗಿಲ್ಲ, ಆಸ್ತಿಯನ್ನು ಇಟ್ಟುಕೊಳ್ಳುವ ಸಾಧಾರಣ ಕಂಪನಿ ಆ ಪಟ್ಟಿಯಲ್ಲಿ ಇಲ್ಲದಿರುವುದು ಸಹಜ. ತಪ್ಪಿರುವುದು ಪಟ್ಟಿಯಲ್ಲಿ ಹೆಸರಿಲ್ಲದ್ದರಲ್ಲಲ್ಲ, ಇದೆಯೆಂದು ಪುಸ್ತಿಕೆ ಹೇಳಿಕೊಂಡದ್ದರಲ್ಲಿ. ನೋಂದಣಿ ಆಗಿರುವುದನ್ನೇ ಪರವಾನಗಿ ಎಂದು ತೋರಿಸುವ ಈ ಚಾಳಿಯನ್ನು ಕೆಲಸದಲ್ಲಿದ್ದಾಗ ಹಲವು ಸಲ ಕಂಡಿದ್ದೇನೆ. ಹುಟ್ಟಿದ ಪ್ರಮಾಣಪತ್ರ ತೋರಿಸಿ ಬಸ್ ಓಡಿಸಲು ಹೊರಟಂತೆ ಅದು.

ಇನ್ನು ಇನ್‌ಕಂಬೆನ್ಸಿ ಸರ್ಟಿಫಿಕೇಟ್. ಹುಡುಗನಿಗೆ ಎಲ್ಲಕ್ಕಿಂತ ಹೆಚ್ಚು ನಂಬಿಕೆ ಇದ್ದದ್ದು ಇದರ ಮೇಲೆ, ಏಕೆಂದರೆ ಇದರಲ್ಲಿ ನಿರ್ದೇಶಕರ ಹೆಸರು, ಷೇರುದಾರರ ಹೆಸರು ಎಲ್ಲ ಇತ್ತು. ಇದು ಸರ್ಕಾರದ ಕಾಗದವಲ್ಲ. ಕಂಪನಿಯ ಏಜೆಂಟ್ ತನ್ನಲ್ಲಿರುವ ದಾಖಲೆಯನ್ನು ನೋಡಿ, ಇಂಥ ದಿನ ಕಂಪನಿಯಲ್ಲಿ ಇಂಥವರಿದ್ದಾರೆ ಎಂದು ಬರೆದುಕೊಡುವ ಪತ್ರ. ಸಾರ್ವಜನಿಕ ಕಡತದಲ್ಲಿ ಷೇರುದಾರರು ಕಾಣದ ಕಾರಣ ಬ್ಯಾಂಕುಗಳು ಇದನ್ನೇ ಕೇಳುತ್ತವೆ, ನಾನೂ ಕೇಳುತ್ತಿದ್ದೆ. ಆದರೆ ಅದು ಆ ದಿನದ ಮಾತು ಮಾತ್ರ, ಮರುದಿನ ಷೇರು ಕೈಬದಲಾದರೆ ಕಾಗದಕ್ಕೆ ಗೊತ್ತಾಗುವುದಿಲ್ಲ. ನಮ್ಮ ಕೈಯಲ್ಲಿದ್ದದ್ದು 14 ತಿಂಗಳು ಹಳೆಯದು. ಅದು ನಿಜವಾಗಿ ಏಜೆಂಟನೇ ಕೊಟ್ಟದ್ದೋ ಎಂದು ಕೇಳಿ ಅವರಿಗೆ ಬರೆದೆವು. ಕಾಗದದ ಮೇಲಿದ್ದ ದೂರವಾಣಿ, ಇಮೇಲ್ ಬಳಸಲಿಲ್ಲ; ಏಜೆಂಟರೂ ಪರವಾನಗಿದಾರರೇ ಆದ್ದರಿಂದ ಆಯೋಗದ ಪಟ್ಟಿಯಲ್ಲಿ ಅವರ ಹೆಸರನ್ನು ಹಿಡಿದು ವಿಳಾಸ ತೆಗೆದುಕೊಂಡೆವು. ನಕಲಿ ಕಾಗದವಾಗಿದ್ದರೆ ಅದರಲ್ಲಿರುವ ದೂರವಾಣಿಯನ್ನು ಎತ್ತುವವನು ನಕಲಿ ಮಾಡಿದವನೇ ಆಗಿರುತ್ತಾನೆ, ಅಲ್ಲವೇ? ನಾಲ್ಕು ದಿನಗಳಲ್ಲಿ ಚುಟುಕಾದ ಉತ್ತರ ಬಂತು: ಕಾಗದ ನಮ್ಮದೇ, ಆ ದಿನಾಂಕಕ್ಕೆ ಸರಿ, ಗ್ರಾಹಕರ ಅನುಮತಿ ಇಲ್ಲದೆ ಹೆಚ್ಚಿನದನ್ನು ಹೇಳಲಾಗದು.

ಅಲ್ಲಿಗೆ ಎಲ್ಲ ಕಾಗದಗಳೂ ಅಸಲಿ ಎಂದಾಯಿತು. ಹುಡುಗ ಹಣ ಕಳುಹಿಸಲು ಮತ್ತೆ ಮನಸ್ಸು ಮಾಡಿದ. ನಾನು ಇನ್ನೊಂದು ದಿನ ತಡೆಯಲು ಹೇಳಿ, ಯಾರೂ ಓದದ ಒಂದು ಕಾಗದವನ್ನು ಓದಲು ಕುಳಿತೆ. ಅದು ಕಡತದ ಜೊತೆ ಬಂದಿದ್ದ ಮೆಮೊರಾಂಡಮ್.

ಮೆಮೊರಾಂಡಮ್ ಅಂದರೆ ಕಂಪನಿಯ ಮೂಲ ಒಪ್ಪಂದ. ಬಿವಿಐಯಲ್ಲಿ ಹೆಚ್ಚಿನವು ಏಜೆಂಟನ ಸಿದ್ಧ ನಮೂನೆಯಿಂದ ತೆಗೆದದ್ದೇ, ಅದಕ್ಕೇ ಜನ ಓದುವುದಿಲ್ಲ. ಆದರೆ ಕಂಪನಿ ಎಷ್ಟು ಷೇರುಗಳನ್ನು, ಯಾವ ಯಾವ ವರ್ಗದ ಷೇರುಗಳನ್ನು ಕೊಡಬಹುದು ಎಂಬುದು ಅದರಲ್ಲಿ ಇರಲೇಬೇಕು. ಒಂದಕ್ಕಿಂತ ಹೆಚ್ಚು ವರ್ಗಗಳಿದ್ದರೆ ಪ್ರತಿಯೊಂದರ ಹಕ್ಕು ಏನೆಂದೂ ಬರೆದಿರಬೇಕು. ನಮ್ಮ ಕಂಪನಿಯ ಮೆಮೊರಾಂಡಮ್‌ನಲ್ಲಿ ಹೀಗಿತ್ತು: ಗರಿಷ್ಠ 50,000 ಷೇರುಗಳು, ಎಲ್ಲವೂ ಒಂದೇ ವರ್ಗದವು. ಆ ಒಂದು ವಾಕ್ಯವನ್ನು ನಾನು ಮೂರು ಸಲ ಓದಿದೆ. ಹುಡುಗನ ಹೆಸರಿನಲ್ಲಿದ್ದ ಕರಡು ಷೇರು ಪತ್ರದಲ್ಲಿ 'ಬಿ ವರ್ಗದ ಆದ್ಯತಾ ಷೇರು' ಎಂದಿತ್ತು. ಬಿ ವರ್ಗವೆಂಬುದು ಆ ಕಂಪನಿಯಲ್ಲಿ ಇರಲೇ ಇಲ್ಲ. ನೂರಕ್ಕೆ 12ರ ಲಾಭಾಂಶವನ್ನು ಉಳಿದವರಿಗಿಂತ ಮೊದಲು ಪಡೆಯುವ ಹಕ್ಕನ್ನು ಕೊಡುವ ಷೇರು ಇಲ್ಲದ ಕಡೆ ಆ ಮಾತು ಯಾವುದಕ್ಕೆ ಅಂಟಿಕೊಳ್ಳಬೇಕು?

"ಆಮೇಲೆ ತಿದ್ದುಪಡಿ ಮಾಡಿರಬಹುದಲ್ಲ ಅಣ್ಣಾ" ಎಂದ ಅವನು. ಸರಿಯಾದ ಪ್ರಶ್ನೆ. ಕಂಪನಿ ಹೊಸ ವರ್ಗ ಸೇರಿಸಬಹುದು, ಅದಕ್ಕೆ ತೊಡಕಿಲ್ಲ. ಆದರೆ ಮೆಮೊರಾಂಡಮ್‌ಗೆ ಮಾಡಿದ ತಿದ್ದುಪಡಿಯನ್ನು ನೋಂದಣಿ ಕಚೇರಿಗೆ ಸಲ್ಲಿಸಬೇಕು, ನೋಂದಣಿಯಾದ ದಿನದಿಂದಷ್ಟೇ ಅದು ಜಾರಿಗೆ ಬರುತ್ತದೆ. ನೋಂದಣಿಯಾದರೆ ಕಡತದಲ್ಲಿ ಕಾಣುತ್ತದೆ. ನಮ್ಮ ಶೋಧನೆ ಆ ವಾರದ್ದೇ. ತಿದ್ದುಪಡಿ ಇರಲಿಲ್ಲ. ಕಾಣಬೇಕಾದ ಕಡೆ ಕಾಣದಿರುವುದು ಎಂದರೆ ಇದು. ಷೇರುದಾರರ ಹೆಸರು ಕಾಣದಿರುವುದಕ್ಕೂ ಇದಕ್ಕೂ ಅಜಗಜಾಂತರ.

ಕಡತದಲ್ಲಿ ಅಡಮಾನದ ದಾಖಲೆಯೂ ಇರಲಿಲ್ಲ, ಆದರೆ ನಾನು ಅದಕ್ಕೆ ಬೆಲೆ ಕೊಡಲಿಲ್ಲ. ನಮ್ಮ ಇ.ಸಿ.ಯಂತೆ ಅದನ್ನು ಓದಬಾರದು. ಬಿವಿಐಯಲ್ಲಿ ಸಾಲಕ್ಕೆ ಕೊಟ್ಟ ಆಧಾರವನ್ನು ನೋಂದಾಯಿಸುವುದು ಕಡ್ಡಾಯವಲ್ಲ. ಸಾಲ ಕೊಟ್ಟವನು ತನ್ನ ಸರದಿ ಮೊದಲಿರಲಿ ಎಂದು ನೋಂದಾಯಿಸುತ್ತಾನೆ, ಅಷ್ಟೆ. ದಾಖಲೆ ಇದ್ದರೆ ಸಾಲವಿದೆ ಎಂದು ತಿಳಿಯಬಹುದು, ಇಲ್ಲದಿದ್ದರೆ ಸಾಲವಿಲ್ಲ ಎನ್ನಲಾಗದು.

ಉಳಿದದ್ದು ಕಟ್ಟಡ. ಕಡಲಾಚೆಯ ಕಂಪನಿಯ ಬಗ್ಗೆ ಅದರ ಸ್ವಂತ ಊರಿನಲ್ಲಿ ಸಿಗದ ವಿವರ, ಅದು ವ್ಯವಹಾರ ಮಾಡುವ ದೇಶದಲ್ಲಿ ಧಾರಾಳವಾಗಿ ಸಿಗುವುದುಂಟು. ಭಾರತದ ಕಂಪನಿಯೊಂದರಲ್ಲಿ ಅದು ಷೇರು ಹೊಂದಿದ್ದರೆ ನಮ್ಮ ಕಂಪನಿ ವ್ಯವಹಾರಗಳ ಸಚಿವಾಲಯದ ಕಡತದಲ್ಲಿ ಹೆಸರು ಕಾಣುತ್ತದೆ. ಇಂಗ್ಲೆಂಡಿನ ವಿಷಯದಲ್ಲಿ ನಮಗೆ ಅನುಕೂಲ ಇನ್ನೂ ಹೆಚ್ಚು. 2022ರ ಆಗಸ್ಟ್ 1ರಿಂದ ಅಲ್ಲಿ ಹೊರದೇಶದ ಸಂಸ್ಥೆಗಳ ನೋಂದಣಿ ಪಟ್ಟಿಯೊಂದಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1999ರ ಜನವರಿ 1ರ ನಂತರ ಭೂಮಿ ಕೊಂಡು ಈಗಲೂ ಇಟ್ಟುಕೊಂಡಿರುವ ಹೊರದೇಶದ ಕಂಪನಿ ಅದರಲ್ಲಿ ಹೆಸರು ನೋಂದಾಯಿಸಿ, ತನ್ನ ಅಂತಿಮ ಮಾಲೀಕರು ಯಾರೆಂದು ಹೇಳಬೇಕು, ವರ್ಷಕ್ಕೊಮ್ಮೆ ಖಚಿತಪಡಿಸಬೇಕು. ಪಟ್ಟಿಯಲ್ಲಿರುವವರಿಗೆ OE ಎಂದು ಆರಂಭವಾಗುವ ಸಂಖ್ಯೆ ಸಿಗುತ್ತದೆ. ಕಂಪನೀಸ್ ಹೌಸ್ ಎಂಬ ಅಲ್ಲಿಯ ಕಚೇರಿಯ ಜಾಲತಾಣದಲ್ಲಿ ಇದನ್ನು ಶುಲ್ಕವಿಲ್ಲದೆ ನೋಡಬಹುದು. ಬಿವಿಐ ಮುಚ್ಚಿಟ್ಟ ಮಾಲೀಕನ ಹೆಸರು ಇಲ್ಲಿ ಬಯಲಾಗುವ ಸಂದರ್ಭಗಳು ಬಹಳ. ಟ್ರಸ್ಟ್ ನಡುವೆ ಬಂದರೆ ಮಾತ್ರ ಚಿತ್ರ ಮಸುಕಾಗುತ್ತದೆ.

ನಮ್ಮ ಕಂಪನಿಯನ್ನು ಹುಡುಕಿದೆವು. ಹೆಸರಿಲ್ಲ. ಅಂದರೆ ಎರಡರಲ್ಲಿ ಒಂದು: ಕಂಪನಿ ಕಾನೂನು ಮುರಿದಿದೆ, ಇಲ್ಲವೇ ಕಟ್ಟಡ ಅದರದ್ದಲ್ಲ. ಯಾವುದೆಂದು ತಿಳಿಯಲು ಇಂಗ್ಲೆಂಡಿನ ಭೂ ನೋಂದಣಿಯಲ್ಲಿ ಆ ಕಟ್ಟಡದ ವಿಳಾಸ ಕೊಟ್ಟು, 7 ಪೌಂಡ್ ಕಟ್ಟಿ ಒಡೆತನದ ಪ್ರತಿ ತೆಗೆದೆವು. ಎರಡು ಪುಟ. ಮಾಲೀಕರ ಜಾಗದಲ್ಲಿದ್ದದ್ದು ಇಂಗ್ಲೆಂಡಿನಲ್ಲೇ ನೋಂದಣಿಯಾದ ಬೇರೊಂದು ಕಂಪನಿ, ಕೆಳಗೆ ಬ್ಯಾಂಕೊಂದರ ಅಡಮಾನ. ಆ ಇಂಗ್ಲಿಷ್ ಕಂಪನಿಯ ಷೇರುಗಳನ್ನು ನಮ್ಮ ಬಿವಿಐ ಕಂಪನಿ ಹೊಂದಿರಬಹುದೇ? ಅದನ್ನೂ ನೋಡಿದೆವು. ಅಲ್ಲಿಯ ಕಂಪನಿಗಳು ವರ್ಷಕ್ಕೊಮ್ಮೆ ಸಲ್ಲಿಸುವ ದೃಢೀಕರಣ ಹೇಳಿಕೆಗಳಲ್ಲಿ ಷೇರುದಾರರ ವಿವರ ಸಿಗುತ್ತದೆ, ಅದೂ ಉಚಿತ. ಅದರಲ್ಲಿ ಇಬ್ಬರು ವ್ಯಕ್ತಿಗಳ ಹೆಸರಿತ್ತು, ನಮ್ಮ ಕಂಪನಿಯದ್ದಿರಲಿಲ್ಲ, ಅದರ ನಿರ್ದೇಶಕರದ್ದೂ ಇರಲಿಲ್ಲ.

ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಅವನ ತಾಯಿ ತಂದಿಟ್ಟ ಚಹಾ ಆರಿಹೋಯಿತು. ಅವನಿಗೆ ನೋವಾದದ್ದು ಹಣಕ್ಕಿಂತ ಹೆಚ್ಚಾಗಿ, ಇದನ್ನು ತೋರಿಸಿದವನು ಅವನೊಂದಿಗೆ ಒಂದೇ ಕೋಣೆಯಲ್ಲಿ ನಾಲ್ಕು ವರ್ಷ ಇದ್ದ ಗೆಳೆಯ ಎಂಬುದಕ್ಕೆ. ಆ ಗೆಳೆಯನೂ ತನ್ನ ಉಳಿತಾಯವನ್ನು ಅದರಲ್ಲೇ ಹಾಕಿದ್ದಾನೆ.

ಮಾತು ಮುಗಿದ ಮೇಲೆ ಸಭೆಯಿಂದ ಮೂರು ಪ್ರಶ್ನೆಗಳು ಬಂದವು. ಎರಡಕ್ಕೆ ಉತ್ತರ ಮೇಲೆಯೇ ಬಂದಿದೆ. ಮೂರನೆಯದನ್ನು ಕೇಳಿದವರು ಕುಂಬಳೆ ಕಡೆಯ ಒಬ್ಬ ಶಿಕ್ಷಕಿ: ಪನಾಮ ಪೇಪರ್ಸ್ ಎಂದು 2016ರಲ್ಲಿ ಹೊರಬಂದ ದಾಖಲೆಗಳಲ್ಲಿ ಹುಡುಕಿದರೆ ಮಾಲೀಕರು ಸಿಗುವುದಿಲ್ಲವೇ? ಹುಡುಕಬಹುದು, offshoreleaks.icij.org ಇದರಲ್ಲಿ ಪತ್ರಕರ್ತರ ಅಂತರರಾಷ್ಟ್ರೀಯ ಒಕ್ಕೂಟವೊಂದು ಆ ವಿವರಗಳನ್ನು ಉಚಿತವಾಗಿ ಇಟ್ಟಿದೆ, ನಾವೂ ಹುಡುಕಿದೆವು. ಆದರೆ ಅದು ಕೆಲವು ಸಂಸ್ಥೆಗಳ ಕಚೇರಿಗಳಿಂದ ಸೋರಿದ ದಾಖಲೆ, ನೋಂದಣಿ ಪಟ್ಟಿಯಲ್ಲ. ಸೋರಿದ ದಿನಕ್ಕೆ ಅದರ ಗಡಿಯಾರ ನಿಂತಿರುತ್ತದೆ. ಹೆಸರು ಸಿಕ್ಕರೆ ಅಪರಾಧವೆಂದು ಅರ್ಥವಲ್ಲ, ಒಂದೇ ಹೆಸರಿನವರು ಹಲವರಿರುತ್ತಾರೆ. ನಮ್ಮ ಕಂಪನಿ ಆ ದಾಖಲೆಗಳ ನಂತರ ಹುಟ್ಟಿದ್ದು, ಸಿಗಲಿಲ್ಲ. ಅದರಿಂದ ನಾವು ಏನನ್ನೂ ತೀರ್ಮಾನಿಸಲಿಲ್ಲ.

ಹಣ ಕೇಳಿದವರಿಗೆ ಹುಡುಗ ಒಂದು ಇಮೇಲ್ ಬರೆದ. ನಾನು ಹೇಳಿಕೊಟ್ಟದ್ದು ಎರಡೇ ಸಾಲು: ಬಿ ವರ್ಗದ ಷೇರುಗಳನ್ನು ಸೇರಿಸಿದ, ನೋಂದಣಿಯಾದ ತಿದ್ದುಪಡಿ ಮೆಮೊರಾಂಡಮ್‌ನ ಪ್ರತಿಯನ್ನೂ ಕಂಪನಿಯ OE ಸಂಖ್ಯೆಯನ್ನೂ ಕಳುಹಿಸಿ, ಬಂದ ದಿನವೇ ಉಳಿದ 72,000 ದಿರ್ಹಮ್ ಹಾಕುತ್ತೇನೆ. ಮೊದಲು ದಿನಕ್ಕೆರಡು ಸಲ ಕರೆ ಮಾಡುತ್ತಿದ್ದವರು ಆ ಇಮೇಲಿನ ನಂತರ ಕರೆ ಮಾಡಲಿಲ್ಲ. ಮುಂಗಡ ಕೊಟ್ಟ 8,000 ದಿರ್ಹಮ್ ಕೂಡ ಈವರೆಗೆ ಮರಳಿ ಬಂದಿಲ್ಲ. ಅವನು ರಜೆ ಮುಗಿಸಿ ಹೊರಡುವ ಮೊದಲು ಆ ಎರಡು ಪುಟಗಳ ಒಡೆತನದ ಪ್ರತಿಯನ್ನು ಗೆಳೆಯನಿಗೆ ತೋರಿಸಲೆಂದು ನನ್ನಿಂದ ಕೇಳಿ ತೆಗೆದುಕೊಂಡು ಹೋದ.